ಬಿತ್ತುವ ಮುಂಚೆ ಒಂದು ಸರಳ ಪ್ರಾರ್ಥನೆ: ಹೆಸರು ಬಿತ್ತುವ ರೈತನ ಕೂರಿಗೆ ಪೂಜೆ, ಹಂತ ಹಂತವಾಗಿ

ನಮ್ಮದು ಗದಗ ಕಡೆಯ ಎರೆ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ ಅಥವಾ ಕಡಲೆ. ಬಿತ್ತುವ ದಿನ ಕೂರಿಗೆ ಪೂಜೆ ಮಾಡುತ್ತೇವೆ. ಪೂಜೆ ಎಂದರೆ ದೊಡ್ಡದೇನಲ್ಲ. ಕಾಯಿ, ಕುಂಕುಮ, ಬೆಲ್ಲ, ಎರಡು ನಿಮಿಷದ ಮಾತು. ಆ ಎರಡು ನಿಮಿಷದಲ್ಲಿ ಏನು ಹೇಳಬೇಕು, ಅದಕ್ಕೂ ಮುಂಚೆ ಏನು ಮಾಡಿರಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಅಪ್ಪ ಇದ್ದಾಗ "ಮಳಿ ಬರ್ಲಿ, ಬೆಳಿ ಬರ್ಲಿ" ಎಂದು ಕೈ ಮುಗಿದು ಎತ್ತು ಹೊಡೆಯುತ್ತಿದ್ದ. ನಾನೂ ಅಷ್ಟೇ ಮಾಡುತ್ತಿದ್ದೆ. ಒಂದು ವರ್ಷ ರೋಹಿಣಿ ಮಳೆ ಒಂದೇ ಸಂಜೆ ಜೋರಾಗಿ ಬಂತು. 'ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ' ಎನ್ನುವ ಗಾದೆ ತಲೆಯಲ್ಲಿತ್ತು. ಮೂರನೇ ದಿನವೇ ಕಾಯಿ ಒಡೆದು ನಾಲ್ಕು ಎಕರೆ ಬಿತ್ತಿಬಿಟ್ಟೆ. ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ನಿಂತು, "ಹಸಿ ಕೂಡಿಲ್ಲ ತಮ್ಮಾ, ಇನ್ನೊಂದ್ ಮಳಿ ನೋಡು" ಎಂದಿದ್ದರು. ನಾನು ಕೇಳಲಿಲ್ಲ. ಮೊಳಕೆ ಚೆನ್ನಾಗಿಯೇ ಬಂತು. ಆಮೇಲೆ ಹದಿನೆಂಟು ದಿನ ಹನಿ ಬೀಳಲಿಲ್ಲ. ಎರಡೆಲೆ ಬಿಟ್ಟಿದ್ದ ಸಸಿಗಳು ಹಾಗೇ ಬಾಡಿ ಮಣ್ಣಿಗೆ ಅಂಟಿಕೊಂಡವು. ಆ ವರ್ಷ ದುಬಾರಾ ಬಿತ್ತಿದೆ. ಬೀಜದ ದುಡ್ಡು ಎರಡು ಸಲ, ಬಾಡಿಗೆ ಎರಡು ಸಲ.

ದೇವರಿಗೆ ನಾನು ಕೇಳಿದ್ದು ಮಳೆ. ಮಳೆ ಬಂದೇ ಬಂದಿತ್ತು. ಹೊಲದಲ್ಲಿ ಹಸಿ ಎಷ್ಟಿದೆ ಎಂದು ನಾನೇ ನೋಡಿರಲಿಲ್ಲ. ಆಮೇಲಿಂದ ನಮ್ಮ ಮನೆಯ ಪ್ರಾರ್ಥನೆ ಬದಲಾಯಿತು. ನಮ್ಮ ಕೈಯಲ್ಲಿರುವುದನ್ನು ಮೊದಲು ಮುಗಿಸುತ್ತೇವೆ. "ಇಷ್ಟು ಮಾಡಿದ್ದೇವೆ" ಎಂದು ಹೇಳುತ್ತೇವೆ. ಉಳಿದದ್ದನ್ನು ಕೇಳುತ್ತೇವೆ.

ಕೈ ಮುಗಿಯುವ ಮುಂಚೆ: ಹಸಿ

ಮೊದಲು ಹೊಲಕ್ಕೆ ಹೋಗಿ ಹಸಿ ನೋಡಬೇಕು. ಕುರ್ಪಿ ತಗೊಂಡು ಹೊಲದ ನಾಲ್ಕೈದು ಕಡೆ ಅಗೆಯಿರಿ. ಏರಿನಲ್ಲಿ ಒಂದು, ತಗ್ಗಿನಲ್ಲಿ ಒಂದು, ನಡುವೆ ಎರಡು ಮೂರು. ತಗ್ಗಿನಲ್ಲಿ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ, ಅಲ್ಲಿ ಯಾವಾಗಲೂ ಹಸಿ ಜಾಸ್ತಿ. ಎರೆ ಭೂಮಿಯಲ್ಲಿ ಕಡಿಮೆ ಎಂದರೂ ಒಂದು ಗೇಣು ಆಳ ತೇವ ಇಳಿದಿರಬೇಕು. ಅದಕ್ಕಿಂತ ಮುಖ್ಯವಾದದ್ದು ಹಸಿ ಕೂಡಿದೆಯಾ ಎಂಬುದು. ಮೇಲಿನ ಮಳೆಯ ಹಸಿ, ಕೆಳಗೆ ಮೊದಲೇ ಇದ್ದ ಹಸಿ ಎರಡೂ ಸೇರಿರಬೇಕು. ನಡುವೆ ನಾಲ್ಕು ಬೆರಳು ಒಣ ಮಣ್ಣಿನ ಪದರ ಇದ್ದರೆ ಬೇರು ಅಲ್ಲಿಗೆ ಹೋಗಿ ನಿಲ್ಲುತ್ತದೆ. ನನ್ನ ಹೊಲದಲ್ಲಿ ಆಗಿದ್ದು ಇದೇ. ಅಗೆದು ನೋಡಿದ್ದರೆ ಒಣಗಿದ ಪದರದ ಬಣ್ಣವೇ ಹೇಳುತ್ತಿತ್ತು. ಹಸಿ ಎರೆ ಕಡುಗಪ್ಪು, ಒಣ ಎರೆ ಬೂದಿ ಬಣ್ಣ.

ಆಮೇಲೆ ಹದ. ಗೇಣಿನ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಒತ್ತಿ. ಉಂಡೆ ಆಗದೆ ಉದುರಿದರೆ ಹಸಿ ಸಾಲದು. ಉಂಡೆಯಾಗಿ ಅಂಗೈಗೆ ಮೆತ್ತಿಕೊಂಡರೆ ಹಸಿ ಜಾಸ್ತಿ, ಕೂರಿಗೆ ತಾಳಿಗೆ ಮಣ್ಣು ಹತ್ತುತ್ತದೆ, ಸಾಲು ಮುಚ್ಚುವುದಿಲ್ಲ. ಉಂಡೆಯಾಗಿ, ಸೊಂಟದ ಎತ್ತರದಿಂದ ಬಿಟ್ಟಾಗ ನಾಲ್ಕಾರು ಚೂರಾಗಿ ಒಡೆದರೆ ಅದೇ ಹದ. ಒಳ್ಳೆ ಮಳೆಯ ನಂತರ ಎರೆಗೆ ಈ ಹದ ಬರಲು ಎರಡರಿಂದ ನಾಲ್ಕು ದಿನ ಬೇಕು. ಬಂದ ಮೇಲೆ ಬಹಳ ದಿನ ನಿಲ್ಲುವುದಿಲ್ಲ.

ಹಾಗಾಗಿ ಪೂಜೆಯ ದಿನವನ್ನು ಹದವೇ ಗೊತ್ತು ಮಾಡುತ್ತದೆ, ಕ್ಯಾಲೆಂಡರ್ ಅಲ್ಲ. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ದಿನ. ಅದನ್ನು ನಾವೂ ಪಾಲಿಸುತ್ತೇವೆ, ಎತ್ತಿಗೂ ಒಂದು ದಿನ ವಿಶ್ರಾಂತಿ ಬೇಕಲ್ವಾ. ಆದರೆ ಅಮಾವಾಸ್ಯೆ ಕಳೆಯಲಿ, ಗಳಿಗೆ ಕೂಡಲಿ ಎಂದು ನಾಲ್ಕು ದಿನ ಹದ ಕಳೆಯುವುದು ನನಗೆ ಸರಿ ಕಾಣುವುದಿಲ್ಲ.

ಬೀಜ

ಎರಡನೆಯದು ಮೊಳಕೆ ನೋಡುವುದು. ಇದನ್ನು ಬಿತ್ತುವ ಒಂದು ವಾರ ಮುಂಚೆಯೇ ಮಾಡಬೇಕು. ಚೀಲದ ಮೇಲೆ, ನಡುವೆ, ತಳದಿಂದ ಬೀಜ ತೆಗೆದು ಬೆರೆಸಿ ನೂರು ಕಾಳು ಎಣಿಸಿ. ಆರಿಸಬೇಡಿ, ಕೈಗೆ ಬಂದ ಹಾಗೆ ಎಣಿಸಿ. ಒದ್ದೆ ಗೋಣಿತಟ್ಟಿನ ಮೇಲೆ ಹತ್ತು ಸಾಲು ಹತ್ತು ಕಾಳು ಇಟ್ಟು, ಸುರುಳಿ ಸುತ್ತಿ, ನೆರಳಲ್ಲಿಡಿ. ದಿನಾ ನೀರು ಚಿಮುಕಿಸಿ. ಹೆಸರು ಮೂರು ನಾಲ್ಕು ದಿನಕ್ಕೆ ತೋರಿಸಿಬಿಡುತ್ತದೆ.

ಪ್ರಮಾಣೀಕೃತ ಹೆಸರು ಬೀಜಕ್ಕೆ ನೂರಕ್ಕೆ 75 ಮೊಳಕೆ ಇರಲೇಬೇಕು. ಮನೆಯ ಬೀಜಕ್ಕೂ ಅದೇ ಲೆಕ್ಕ ಇಟ್ಟುಕೊಳ್ಳಿ. ಹೋದ ಸಲ ನಮ್ಮ ಮನೆಯ ಬೀಜದಲ್ಲಿ 68 ಬಂತು. ಎಕರೆಗೆ ಐದು ಕೆಜಿ ಹಾಕುತ್ತಿದ್ದೆವು. ಐದನ್ನು 75ರಿಂದ ಗುಣಿಸಿ 68ರಿಂದ ಭಾಗಿಸಿದರೆ ಐದೂವರೆ ಕೆಜಿ ಆಯಿತು. ಅಷ್ಟು ಬಿತ್ತಿದೆವು, ಸಾಲು ಎಲ್ಲೂ ಖಾಲಿ ಕಾಣಲಿಲ್ಲ. ಐವತ್ತಕ್ಕಿಂತ ಕೆಳಗೆ ಬಂದರೆ ಈ ಲೆಕ್ಕ ಹಾಕಬೇಡಿ, ಆ ಬೀಜ ಬಿಟ್ಟುಬಿಡಿ. ಹುಟ್ಟಿದ್ದಕ್ಕೂ ಶಕ್ತಿ ಇರುವುದಿಲ್ಲ.

ಇಲ್ಲಿ ಪೂಜೆಗೆ ಸಂಬಂಧಪಟ್ಟ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮಲ್ಲಿ ಬಿತ್ತುವ ಬೀಜವನ್ನು ಹೆಣ್ಣುಮಕ್ಕಳ ಉಡಿಗೆ ಹಾಕುತ್ತಾರೆ, ಒಂದು ಹಿಡಿ ದೇವರ ಮುಂದೆ ಇಡುತ್ತಾರೆ, ಕೆಲವರು ನಾಲ್ಕು ಕಾಳು ಎತ್ತಿನ ಬಾಯಿಗೂ ಹಾಕುತ್ತಾರೆ. ಹಿಂದೆ ಮನೆಯ ಬೀಜ ಇತ್ತು, ನಡೆಯುತ್ತಿತ್ತು. ಈಗ ಅಂಗಡಿಯಿಂದ ಬರುವ ಬೀಜಕ್ಕೆ ಗುಲಾಬಿ, ಕೆಂಪು ಅಥವಾ ನೀಲಿ ಬಣ್ಣ ಇರುತ್ತದೆ. ಅದು ಅಲಂಕಾರದ ಬಣ್ಣ ಅಲ್ಲ, ಔಷಧಿ ಹಚ್ಚಿದ ಗುರುತು. ಅದನ್ನು ಉಡಿಗೆ ಹಾಕಬಾರದು, ನೈವೇದ್ಯದ ತಟ್ಟೆಯಲ್ಲಿ ಇಡಬಾರದು, ಎತ್ತಿಗೆ ಕೊಡಬಾರದು, ಮಕ್ಕಳ ಕೈಗೆ ಸಿಗಬಾರದು. ಪೂಜೆಗೆ ಬೇರೆಯೇ ಒಂದು ಪಾವು ಮನೆಯ ಹೆಸರುಕಾಳು ಇಟ್ಟುಕೊಳ್ಳಿ, ಔಷಧಿ ಹಚ್ಚದೇ ಇರುವುದು. ಉಡಿಗೂ ಅದೇ, ದೇವರಿಗೂ ಅದೇ, ಮೊದಲ ಹಿಡಿ ಬಿತ್ತನೆಗೂ ಅದೇ.

ನೀವು ಬೀಜಕ್ಕೆ ರೈಜೋಬಿಯಂ ಹಚ್ಚುವವರಾದರೆ ಇನ್ನೊಂದು ಮಾತು. ಬೆಲ್ಲದ ನೀರಲ್ಲಿ ಕಲಸಿ ಹಚ್ಚಿದ ಆ ಪುಡಿಯಲ್ಲಿರುವುದು ಜೀವ. ಬಿಸಿಲು ಬಿದ್ದರೆ ಸಾಯುತ್ತದೆ. ಪೂಜೆ ಮುಗಿಯುವ ತನಕ ಬೀಜದ ಚೀಲವನ್ನು ಬದುವಿನ ಮೇಲೆ ಬಿಸಿಲಲ್ಲಿ ಇಟ್ಟರೆ ಹಚ್ಚಿದ್ದು ವ್ಯರ್ಥ. ಬೇವಿನ ಗಿಡದ ನೆರಳಲ್ಲಿಡಿ, ಮೇಲೆ ಒದ್ದೆ ಗೋಣಿ ಹೊದಿಸಿ. ಹಚ್ಚಿದ ದಿನವೇ ಬಿತ್ತಿ ಮುಗಿಸಿ.

ಬದು

ಮೂರನೆಯದು ಐದು ನಿಮಿಷದ ಕೆಲಸ. ಬದು ಸುತ್ತಿ ಬನ್ನಿ. ಗಳೆ ಹೊಡೆಯುವಾಗ, ಕುಂಟೆ ಹೊಡೆಯುವಾಗ ಪಕ್ಕದವನ ಕಡೆ ಒಂದು ಗೇಣು ಜರುಗಿದ್ದರೆ ಕೂರಿಗೆ ಹೂಡುವ ಮುಂಚೆಯೇ ಸರಿ ಮಾಡಿಕೊಳ್ಳಿ. ವರ್ಷಕ್ಕೆ ಒಂದು ಗೇಣು ಎಂದರೆ ಹತ್ತು ವರ್ಷಕ್ಕೆ ಏಳೆಂಟು ಸಾಲು. ನಿಯತ್ತಿನ ಬೆಳೆ ಕೊಡು ಎಂದು ಕೇಳಲು ಹೊರಟವನ ಕುಳ ಪಕ್ಕದವನ ಮಣ್ಣಲ್ಲಿ ಇಳಿದಿದ್ದರೆ ಬಾಯಿಗೆ ಆ ಮಾತು ಹೇಗೆ ಬರುತ್ತದೆ?

ಪೂಜೆಗೆ ಬೇಕಾದದ್ದು

ಒಂದು ತಂಬಿಗೆ ನೀರು, ಅರಿಶಿನ ಕುಂಕುಮ, ಒಂದು ಹಿಡಿ ಬೇವಿನ ಸೊಪ್ಪು, ಊದಿನಕಡ್ಡಿ, ಒಂದು ಕಾಯಿ, ಬೆಲ್ಲ, ಆಗಲೇ ಹೇಳಿದ ಪಾವು ಕಾಳು. ಹಸಿರು ಖಣ ಇದ್ದರೆ ಕೂರಿಗೆಗೆ ಕಟ್ಟುತ್ತೇವೆ, ಜೊತೆಗೆ ಎರಡು ಹಸಿರು ಬಳೆ. ಅವ್ವ ಇದ್ದಾಗ ಹೋಳಿಗೆ ಆಗುತ್ತಿತ್ತು. ಈಗ ಬಿತ್ತುವ ದಿನ ಬೆಳಗಿನ ಐದಕ್ಕೆ ಹೋಳಿಗೆ ಮಾಡು ಎಂದು ಹೆಂಡತಿಗೆ ಹೇಳುವ ಧೈರ್ಯ ನನಗಿಲ್ಲ. ಬೆಲ್ಲ ಕೊಬ್ಬರಿ ಸಾಕು.

ಪೂಜೆ ಮಾಡುವ ಕ್ರಮ

ಬಿಸಿಲು ಏರುವ ಮುಂಚೆ ಹೊಲದ ತಲೆಕಟ್ಟಿನಲ್ಲಿ, ಮೊದಲ ಸಾಲು ಶುರುವಾಗುವ ಜಾಗದಲ್ಲಿ ಕೂರಿಗೆ ನಿಲ್ಲಿಸಿ. ಮುಖ ಮೂಡಣಕ್ಕೆ ಇದ್ದರೆ ಒಳ್ಳೆಯದು, ಸಾಲು ಬೇರೆ ದಿಕ್ಕಿಗಿದ್ದರೆ ಹಾಗೇ ಇರಲಿ. ಇಳಿಜಾರಿಗೆ ಅಡ್ಡ ಬಿತ್ತುವುದು ದಿಕ್ಕಿಗಿಂತ ಮುಖ್ಯ, ಮಳೆ ನೀರು ಸಾಲಿನಲ್ಲಿ ನಿಲ್ಲುತ್ತದೆ.

ನೀರು ಚಿಮುಕಿಸಿ ಕೂರಿಗೆ ತೊಳೆಯಿರಿ. ಮೇಲಿನ ಬಟ್ಟಲಿನಿಂದ ಶುರು ಮಾಡಿ, ನಳಿಗೆ, ತಾಳು, ಕೊನೆಗೆ ಕುಳ, ಹೀಗೆ ಮೇಲಿಂದ ಕೆಳಗೆ ಅರಿಶಿನ ಕುಂಕುಮ ಹಚ್ಚುತ್ತಾ ಬನ್ನಿ. ಅಜ್ಜ ಇದನ್ನು ಯಾಕೆ ಇದೇ ಕ್ರಮದಲ್ಲಿ ಮಾಡುತ್ತಿದ್ದ ಎಂದು ನನಗೆ ಬಹಳ ತಡವಾಗಿ ಹೊಳೆಯಿತು. ಕುಂಕುಮ ಹಚ್ಚುವ ನೆಪದಲ್ಲಿ ಒಂದೊಂದು ನಳಿಗೆಯನ್ನೂ ಕಣ್ಣಿಗೆ ಹಿಡಿದು ನೋಡುತ್ತಿದ್ದ. ಒಂದು ವರ್ಷ ಮೂಲೆಯಲ್ಲಿ ಬಿದ್ದ ಕೂರಿಗೆಯ ನಳಿಗೆಯಲ್ಲಿ ಜೇಡನ ಬಲೆ, ಕಣಜದ ಮಣ್ಣಿನ ಗೂಡು ಇದ್ದೇ ಇರುತ್ತದೆ. ಒಂದು ನಳಿಗೆ ಕಟ್ಟಿದರೆ ಇಡೀ ಹೊಲದಲ್ಲಿ ಪ್ರತಿ ಸುತ್ತಿಗೂ ಒಂದು ಸಾಲು ಖಾಲಿ. ಅದು ಗೊತ್ತಾಗುವುದು ಐದಾರು ದಿನದ ನಂತರ, ಮೊಳಕೆ ಬಂದಾಗ. ನಳಿಗೆಗೆ ಬಾಯಿ ಇಟ್ಟು ಊದಿ, ನಾಲ್ಕು ಮನೆಯ ಕಾಳು ಬಿಟ್ಟು ನೋಡಿ, ಆಮೇಲೆ ಕುಂಕುಮ ಹಚ್ಚಿ. ಔಷಧಿ ಹಚ್ಚಿದ ಬೀಜ ಹೋದ ವರ್ಷ ಅದರಲ್ಲಿ ಹಾದಿದ್ದರೆ ಬಾಯಿ ಇಡಬೇಡಿ, ಕಡ್ಡಿ ಹಾಕಿ ಬಿಡಿಸಿ.

ಟ್ರ್ಯಾಕ್ಟರ್ ಕೂರಿಗೆ ಆದರೂ ಇದೇ ಕ್ರಮ. ಪೆಟ್ಟಿಗೆ, ಪೈಪು, ಕುಳ. ಪೈಪು ಮಡಚಿಕೊಂಡಿದೆಯಾ ನೋಡಿ. ಊದಿನಕಡ್ಡಿಯನ್ನು ಮಣ್ಣಲ್ಲಿ ಚುಚ್ಚಿ, ಡೀಸೆಲ್ ಟ್ಯಾಂಕಿನ ಹತ್ತಿರ ಸಿಕ್ಕಿಸಬೇಡಿ.

ಬೇವಿನ ಸೊಪ್ಪು ಕಟ್ಟಿ, ಖಣ ಕಟ್ಟಿ, ಕಾಯಿ ಒಡೆಯಿರಿ. ಕಾಯಿ ನೀರನ್ನು ಮೊದಲ ಸಾಲಿನ ಮಣ್ಣಿಗೆ ಹಾಕುತ್ತೇವೆ. ಎತ್ತುಗಳ ಹಣೆಗೆ ಕುಂಕುಮ, ಬಾಯಿಗೆ ಬೆಲ್ಲ. ಆಮೇಲೆ ಮನೆಯ ಹೆಣ್ಣುಮಕ್ಕಳ ಉಡಿಗೆ ಒಂದೊಂದು ಹಿಡಿ ಕಾಳು. ಐದು ಮುತ್ತೈದೆಯರೇ ಆಗಬೇಕು ಎನ್ನುವ ಮನೆಗಳಿವೆ. ನಮ್ಮ ಮನೆಯಲ್ಲಿ ಮೊದಲ ಹಿಡಿ ದೊಡ್ಡವ್ವನದು. ದೊಡ್ಡಪ್ಪ ತೀರಿಹೋಗಿ ಇಪ್ಪತ್ತು ವರ್ಷವಾಯಿತು. ಹೊಲ ಬಲ್ಲವಳು ಅವಳು, ಬಟ್ಟಲಿಗೆ ಬೀಜ ಬಿಡುವ ಕೈ ಅವಳದು, ಸಾಲಿನಲ್ಲಿ ಒಂದು ಕಡೆ ದಟ್ಟ ಒಂದು ಕಡೆ ತೆಳು ಆಗುವುದಿಲ್ಲ. ಊರವರು ಮೊದಮೊದಲು ಮಾತಾಡಿದರು. ಈಗ ತಮ್ಮ ಹೊಲಕ್ಕೂ ಬೀಜ ಬಿಡಲು ಅವಳನ್ನೇ ಕರೆಯುತ್ತಾರೆ.

ಈಗ ಎಲ್ಲರೂ ಸುತ್ತ ನಿಲ್ಲಬೇಕು. ಕೂಲಿಗೆ ಬಂದವರೂ ನಿಲ್ಲಬೇಕು, ದೂರದಲ್ಲಿ ಅಲ್ಲ, ಜೊತೆಯಲ್ಲಿ. ಯಾಕೆ ಎಂಬುದು ಮಾತು ಓದಿದರೆ ತಿಳಿಯುತ್ತದೆ. ಒಂದು ಹಿಡಿ ಮಣ್ಣು, ಅದರ ಮೇಲೆ ನಾಲ್ಕು ಕಾಳು ಅಂಗೈಯಲ್ಲಿ ಹಿಡಿದು ಒಬ್ಬರು ಹೇಳಬೇಕು.

ಪ್ರಾರ್ಥನೆ

> ಭೂಮಿತಾಯಿ, ಇವತ್ತು ನಿನ್ನ ಮೈಮೇಲೆ ಕುಳ ಇಳಿಸುತ್ತೇವೆ.
> ನೋವಾದರೆ ಹೊಟ್ಟೆಗೆ ಹಾಕಿಕೋ.
>
> ಹಸಿ ನೋಡಿದ್ದೇವೆ, ಬೀಜ ನೋಡಿದ್ದೇವೆ, ಬದು ದಾಟಿಲ್ಲ.
> ನಮ್ಮ ಕೈಯಲ್ಲಿ ಇದ್ದದ್ದು ಇಷ್ಟು. ಮುಂದಿನದು ನಿನ್ನದು.
>
> ಮಳೆರಾಯ, ಮೊಳಕೆ ಏಳುವ ತನಕ ಹಸಿ ಕಾಯಿ.
> ಎಡೆ ಹೊಡೆಯಲು ನಾಲ್ಕು ದಿನ ಬಿಸಿಲು ಬಿಡು.
> ಹೂವಿಗೆ ಬಾ, ಕಾಯಿಗೆ ಬಾ.
> ಬಿಡಿಸುವಾಗ ನಾಲ್ಕು ದಿನ ಬದುವಿನ ಆಚೆ ನಿಲ್ಲು.
> ನಮ್ಮ ಹೊಲಕ್ಕೆ ಬಂದವನು ಪಕ್ಕದ ಹೊಲಕ್ಕೂ ಹೋಗು.
>
> ದುಡಿದಷ್ಟು ಬೆಳೆ ಕೊಡು.
> ಹಕ್ಕಿಗೆ ಹಕ್ಕಿಯ ಪಾಲು, ಆಳಿಗೆ ಆಳಿನ ಕೂಲಿ,
> ಸಾಲ ಕೊಟ್ಟವರಿಗೆ ಅವರ ದುಡ್ಡು.
> ಉಳಿದದ್ದು ನಮ್ಮ ಗಂಗಾಳಕ್ಕೆ.
> ತೂಕದಲ್ಲಿ ಸುಳ್ಳು ಹೇಳುವುದಿಲ್ಲ, ಚೀಲದಲ್ಲಿ ಕಲ್ಲು ಬೆರೆಸುವುದಿಲ್ಲ.
>
> ಎತ್ತಿಗೆ, ಆಳಿಗೆ, ಮನೆಯವರಿಗೆ ಏನೂ ಆಗದಿರಲಿ.
> ಹುಲುಸಾಗಲಿ.

ಕೊನೆಯ "ಹುಲುಸಾಗಲಿ" ಎಲ್ಲರೂ ಸೇರಿ ಹೇಳುತ್ತಾರೆ. ಮಕ್ಕಳು ಜೋರಾಗಿ ಕೂಗುತ್ತಾರೆ, ಎತ್ತು ಬೆದರದ ಹಾಗೆ ನೋಡಿಕೊಳ್ಳಿ.

ಭೂಮಿತಾಯಿ, ಮಳೆರಾಯ ಎಂಬ ಹೆಸರು ನಮ್ಮ ರೂಢಿ. ನೀವು ಅಲ್ಲಾನನ್ನೋ ಯೇಸುವನ್ನೋ ನೆನೆಯುವವರಾದರೆ ಕರೆಯುವ ಹೆಸರು ಮಾತ್ರ ಬದಲಾಯಿಸಿ. ಉಳಿದ ಸಾಲುಗಳು ಹೊಲಕ್ಕೆ ಸಂಬಂಧಿಸಿದವು.

ಮಳೆಯ ಸಾಲುಗಳನ್ನು ನಿಮ್ಮ ಬೆಳೆಗೆ ಹೊಂದಿಸುವುದು

ಬರೀ "ಮಳೆ ಕೊಡು" ಎಂದರೆ ಸಾಲದು ಎಂದು ಯಾಕೆ ಹೇಳುತ್ತೇನೆಂದರೆ ಪ್ರತಿ ಬೆಳೆಗೂ ಮಳೆ ಬೇಕಾದ ಹೊತ್ತು, ಬೇಡವಾದ ಹೊತ್ತು ಎರಡೂ ಇರುತ್ತವೆ. ಸಕಾಲದ ಮಳೆ ಎಂದರೆ ಆ ಲೆಕ್ಕ. ನಮ್ಮ ಹಿರಿಯರು ಅದನ್ನು ಮಳೆ ನಕ್ಷತ್ರದಲ್ಲಿ ಹಾಕುತ್ತಿದ್ದರು. ಒಂದೊಂದು ಮಳೆ ಸುಮಾರು ಹದಿಮೂರು ಹದಿನಾಲ್ಕು ದಿನ.

ನಮ್ಮ ಹೆಸರಿನ ಲೆಕ್ಕ ನೋಡಿ. ನಾವು ಹಾಕುವ ಡಿಜಿಜಿವಿ-2 ತಳಿ ಸುಮಾರು 65ರಿಂದ 70 ದಿನದ ಬೆಳೆ. ಜೂನ್ 10ಕ್ಕೆ ಬಿತ್ತಿದೆವು ಎನ್ನಿ, ಅಂದರೆ ಮೃಗಶಿರಾ ಮಳೆ ಹುಟ್ಟಿ ಎರಡು ಮೂರು ದಿನವಾಗಿದೆ. ಐದಾರು ದಿನಕ್ಕೆ ಮೊಳಕೆ. ಆಗ ಹಸಿ ಇರಬೇಕು, ಆದರೆ ಬಡಿಯುವ ಮಳೆ ಬೇಡ. ಎರೆ ಮೇಲ್ಮೈ ಹೆಪ್ಪುಗಟ್ಟಿದರೆ ಮೊಳಕೆ ಮೇಲೆ ಬರಲು ಒದ್ದಾಡುತ್ತದೆ. ಅದಕ್ಕೇ "ಹಸಿ ಕಾಯಿ" ಎಂದಿದ್ದು, "ಸುರಿ" ಎಂದಲ್ಲ. ಇಪ್ಪತ್ತು ಇಪ್ಪತ್ತೈದನೇ ದಿನಕ್ಕೆ ಎಡೆ ಹೊಡೆಯಬೇಕು. ಅದು ಆರಿದ್ರಾ ಮಳೆಯ ಕೊನೆಯ ಭಾಗ. ಆಗ ಬಿಡುವು ಕೊಡದೆ ಜಿಟಿಜಿಟಿ ಹಿಡಿದರೆ ಎಡೆಕುಂಟೆ ಇಳಿಸಲು ಆಗುವುದಿಲ್ಲ, ಕಸ ಬೆಳೆಯನ್ನು ನುಂಗುತ್ತದೆ. ಮೂವತ್ತೈದು ನಲವತ್ತು ದಿನಕ್ಕೆ ಹೂವು, ಅದು ಜುಲೈ ನಡುವೆ, ಪುನರ್ವಸು. ಈಗ ಒಂದು ಮಳೆ ಬೇಕೇ ಬೇಕು. ಹೂವಿನಲ್ಲಿ ಒಣಗಿದರೆ ಹೂವು ಉದುರುತ್ತದೆ, ಗಿಡ ಹಸಿರಾಗಿ ನಿಂತಿರುತ್ತದೆ, ಕಾಯಿ ಇರುವುದಿಲ್ಲ. ಕಾಯಿ ತುಂಬುವಾಗ, ಪುಷ್ಯದಲ್ಲಿ ಇನ್ನೊಂದು.

ಆಗಸ್ಟ್ ನಡುವೆ ಕಾಯಿ ಕಪ್ಪಾಗುತ್ತದೆ. ಇಲ್ಲಿ ನಿಜವಾದ ಪೇಚು. ಆಗಸ್ಟ್ 17ರ ಹೊತ್ತಿಗೆ ಮಘಾ ಮಳೆ ಹುಟ್ಟುತ್ತದೆ. 'ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು' ಎಂಬ ಗಾದೆಯೇ ಇದೆ. ಜೋಳದವನಿಗೆ, ಹತ್ತಿಯವನಿಗೆ, ಹಿಂಗಾರಿಗೆ ಹೊಲ ಹಸಿ ಮಾಡಿಕೊಳ್ಳುವವನಿಗೆ ಅದು ನಿಜ. ಹೆಸರು ಬಿಡಿಸದೆ ನಿಂತವನಿಗೆ ಅದೇ ಮಳೆ ಶತ್ರು. ಮೂರು ದಿನ ಹಿಡಿದರೆ ಕಾಯಿಯೊಳಗೇ ಕಾಳು ಮೊಳೆಯುತ್ತದೆ, ಇಲ್ಲವೇ ಬಣ್ಣ ಕೆಟ್ಟು ಕಪ್ಪಾಗುತ್ತದೆ. ಹಾಗೆಂದು ಮಘೆ ಬೇಡ ಎಂದು ಕೇಳುವುದು ಹೇಗೆ? ಎಡಗಡೆ ಹೊಲದವನದು ಹತ್ತಿ. ಅವನು ಅದೇ ಮಳೆಗೆ ಕೈ ಮುಗಿದಿರುತ್ತಾನೆ. ನನಗೂ ಮುಂದೆ ಕಡಲೆ ಹಾಕಲು ಅದೇ ಹಸಿ ಬೇಕು. ಆದ್ದರಿಂದ ನಾವು ಕೇಳುವುದು ನಾಲ್ಕು ದಿನದ ಬಿಡುವು ಮಾತ್ರ. ಹೆಸರು ಕಾಯಿ ಒಂದೇ ಸಲ ಒಣಗುವುದಿಲ್ಲ, ಎರಡು ಸಲ ಬಿಡಿಸಬೇಕಾಗುತ್ತದೆ. ಬಿಡುವು ಸಿಕ್ಕ ಕೂಡಲೇ ಕಪ್ಪಾದ ಕಾಯಿಯನ್ನು ಬಿಡಿಸಿ ತರುವುದು ನಮ್ಮ ಪಾಲಿನ ಕೆಲಸ. ಉಳಿದದ್ದೂ ಆಗಲಿ ಎಂದು ಕಾಯುತ್ತಾ ಕೂತವರ ಹೆಸರೇ ಹೆಚ್ಚು ಹಾಳಾಗುವುದು.

ನಿಮ್ಮ ಬೆಳೆ ಬೇರೆ ಇದ್ದರೆ ಆ ಐದು ಸಾಲನ್ನು ಬದಲಾಯಿಸಿ. ಬಿತ್ತುವ ದಿನದಿಂದ ಎಣಿಸಿ ಎಡೆ, ಹೂವು, ಕಾಳು, ಕೊಯ್ಲು ಯಾವ ಮಳೆಗೆ ಬೀಳುತ್ತವೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಶೇಂಗಾ ಆದರೆ ಸೂಜಿ ಮಣ್ಣಿಗೆ ಇಳಿಯುವ ಹೊತ್ತಿಗೆ ಮಣ್ಣು ಮೆತ್ತಗಿರಬೇಕು. ಅಲ್ಲಿ "ಸೂಜಿ ಇಳಿಯುವಾಗ ಬಾ" ಎಂದು ಸೇರಿಸಿ. ಕೀಳುವಾಗಲೂ ಸ್ವಲ್ಪ ಹಸಿ ಬೇಕು, ನೆಲ ಗಟ್ಟಿಯಾದರೆ ಕಾಯಿ ಮಣ್ಣಲ್ಲೇ ಉಳಿಯುತ್ತದೆ. ಆದ್ದರಿಂದ "ಬದುವಿನ ಆಚೆ ನಿಲ್ಲು" ಎನ್ನುವ ಸಾಲು ಶೇಂಗಾದವನಿಗೆ ಕಿತ್ತ ಮೇಲೆ, ಬಳ್ಳಿ ಒಣಗುವಾಗ. ಹಿಂಗಾರಿ ಜೋಳ ಬೆಳೆಯುವುದು ಬಹುಪಾಲು ನೆಲದೊಳಗಿನ ಹಸಿಯಲ್ಲೇ. ಅದಕ್ಕೆ ಕೇಳಬೇಕಾದ್ದು ಬಿತ್ತುವ ಮುಂಚಿನ ಉತ್ತರೆ, ಹಸ್ತ ಮಳೆಗಳನ್ನು.

'ದುಡಿದಷ್ಟು' ಎಂದರೆ

ಈ ಸಾಲುಗಳನ್ನು ಆಳುಗಳ ಮುಂದೆ ಜೋರಾಗಿ ಹೇಳುವುದಕ್ಕೆ ಕಾರಣ ಇದೆ. "ಆಳಿಗೆ ಆಳಿನ ಕೂಲಿ" ಎಂದು ಅವರ ಎದುರೇ ಹೇಳಿದ ಮೇಲೆ ಸಂಜೆ "ನಾಳೆ ಬಾ" ಎನ್ನಲು ನಾಲಗೆ ಏಳುವುದಿಲ್ಲ. ಮೊದಲ ವರ್ಷ ಇದನ್ನು ಹೇಳಿದಾಗ ಕೂಲಿಗೆ ಬಂದ ಒಬ್ಬ ಅಕ್ಕ ನಕ್ಕು, "ಕೇಳಿಸ್ಕೊಂಡೇವ್ರೀ, ಮರೀಬ್ಯಾಡ್ರಿ" ಎಂದಳು. ಎಲ್ಲರೂ ನಕ್ಕರು. ನನಗೆ ಮಾತ್ರ ಕಿವಿ ಬಿಸಿಯಾಯಿತು. ಹಿಂದಿನ ವರ್ಷದ ಎರಡು ದಿನದ ಕೂಲಿ ಬಾಕಿ ಇತ್ತು. ಆ ಸಂಜೆಯೇ ಕೊಟ್ಟೆ.

ತೂಕದ ಮಾತೂ ಹಾಗೇ. ಬೆಂಬಲ ಬೆಲೆಗೆ ಹೆಸರು ಕೊಡಬೇಕಾದರೆ ತೇವಾಂಶ ನೂರಕ್ಕೆ 12 ದಾಟಬಾರದು. ಹಸಿ ಕಾಳು ತೂಕ ಜಾಸ್ತಿ ಬರುತ್ತದೆ ಎಂದು ಸರಿಯಾಗಿ ಒಣಗಿಸದೆ ಒಯ್ದವರು ಗಾಡಿ ತಿರುಗಿಸಿಕೊಂಡು ಬಂದದ್ದನ್ನು ಕಂಡಿದ್ದೇನೆ. ಹಲ್ಲಲ್ಲಿ ಕಡಿದು ನೋಡಿ. ಕಟ್ ಎಂದು ಒಡೆದರೆ ಒಣಗಿದೆ, ಚಪ್ಪಟೆಯಾದರೆ ಇನ್ನೂ ಎರಡು ಬಿಸಿಲು ಬೇಕು. ಚೀಲದ ಮೇಲೆ ದಪ್ಪ ಕಾಳು, ತಳದಲ್ಲಿ ಜೊಳ್ಳು ಇಡುವ ಜಾಣತನವನ್ನೂ ಈ ಸಾಲು ಬೇಡ ಎನ್ನುತ್ತದೆ. ನಿಜ ಹೇಳಬೇಕೆಂದರೆ ಎದುರಿನವರ ತಕ್ಕಡಿ ಯಾವಾಗಲೂ ನೆಟ್ಟಗಿರುತ್ತದೆ ಎಂದೇನಿಲ್ಲ. ಅದಕ್ಕೆ ಮನೆಯಲ್ಲೇ ಒಂದು ಸಲ ತೂಗಿ, ಬರೆದುಕೊಂಡು ಹೋಗಿ.

ಮೊದಲ ಸಾಲು

ಮಾತು ಮುಗಿದ ಮೇಲೆ ಅಂಗೈಯ ಮಣ್ಣು, ಕಾಳು ಮೊದಲ ಸಾಲಿಗೆ. ಉಡಿಯಲ್ಲಿದ್ದ ಕಾಳನ್ನು ಹೆಣ್ಣುಮಕ್ಕಳು ಬಟ್ಟಲಿಗೆ ಬಿಡುತ್ತಾ ಒಂದು ಸಾಲು ನಡೆಯುತ್ತಾರೆ. ಆ ಸಾಲು ಮುಗಿಯುವ ತನಕ ಯಾರೂ ಮಾತಾಡುವುದಿಲ್ಲ. ನಳಿಗೆಯಲ್ಲಿ ಕಾಳು ಇಳಿಯುವ ಸದ್ದು ಕೇಳಿಸುತ್ತದೆ. ಒಂದು ನಳಿಗೆ ಸುಮ್ಮನಾದರೆ ಆಗಲೇ ಗೊತ್ತಾಗುತ್ತದೆ.

ಸಾಲಿನ ಕೊನೆಗೆ ಹೋಗಿ ಬೆರಳಿಂದ ಕೆದಕಿ ನೋಡಿ. ಕಾಳು ಎರಡು ಬೆರಳು ಆಳದಲ್ಲಿ, ಹಸಿ ಮಣ್ಣಲ್ಲಿ ಕೂತಿರಬೇಕು. ಮೇಲೇ ಇದ್ದರೆ ಹಕ್ಕಿಯ ಪಾಲು ಜಾಸ್ತಿ ಆಗುತ್ತದೆ. ಆಳವಾದರೆ ಮೊಳಕೆ ಸೋಲುತ್ತದೆ. ಸರಿಯಾಗಿದ್ದರೆ ಖಣ, ಬಳೆ ಬಿಚ್ಚಿ ಇಟ್ಟು ಔಷಧಿ ಹಚ್ಚಿದ ಬೀಜ ಶುರು ಮಾಡಿ. ಬೀಜ ಬಿಡುವವರ ಕೈಗೆ ಗ್ಲೌಸ್ ಇರಲಿ. ಬೆಲ್ಲ ಕೊಬ್ಬರಿ ಹಂಚುವುದು ಕೈ ತೊಳೆದ ಮೇಲೆ.

ಮಳೆ ಬಾರದಿದ್ದರೆ

ಬರುತ್ತದೆ ಎಂಬ ಖಾತ್ರಿಯನ್ನು ಈ ಪ್ರಾರ್ಥನೆ ಕೊಡುವುದಿಲ್ಲ. ಹಸಿ ಕೂಡಿದ ಎರೆ ಹೊಲದಲ್ಲಿ ಬಿತ್ತಿದ್ದರೆ ಎಳೆ ಸಸಿ ಎರಡು ವಾರ ತಡೆಯುತ್ತದೆ. ಅಷ್ಟು ಕಾಲಾವಕಾಶ ಸಿಗುತ್ತದೆ. ಬೆಳಗಿನ ಹೊತ್ತೂ ಎಲೆ ಬಾಡಿಯೇ ಇದ್ದರೆ ಬೇರಿಗೆ ಹಸಿ ಸಿಗುತ್ತಿಲ್ಲ ಎಂದರ್ಥ. ಮಧ್ಯಾಹ್ನ ಬಾಡಿ ಬೆಳಗ್ಗೆ ನೆಟ್ಟಗಾದರೆ ಇನ್ನೂ ಜೀವ ಇದೆ, ಕುಂಟೆ ಹೊಡೆದು ಬಿರುಕು ಮುಚ್ಚಿ.

ಊರಲ್ಲಿ ಆಗ ಗುರ್ಜಿ ಹೊರಡುತ್ತದೆ. ಹೆಂಚಿನ ಮೇಲೆ ಗುರ್ಜಿ ಇಟ್ಟು ಹೊತ್ತ ಹುಡುಗನ ತಲೆಗೆ ಮನೆಮನೆಯವರು ನೀರು ಸುರಿಯುತ್ತಾರೆ. ಅದು ಊರಿನ ಬೇಡಿಕೆ, ಮಳೆ ಕೈಕೊಟ್ಟ ಮೇಲಿನದು. ಬಿತ್ತುವ ಮುಂಚಿನ ಮಾತನ್ನು ಮತ್ತೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಸಸಿ ಹೋದರೆ ಮತ್ತೆ ಹಸಿ ನೋಡುವುದರಿಂದಲೇ ಶುರು. ಆರಿದ್ರಾ ಮುಗಿದು ಜುಲೈ ಮೊದಲ ವಾರ ದಾಟಿದರೆ ನಾನು ಹೆಸರು ಹಾಕುವುದಿಲ್ಲ. ಆ ಹೆಸರು ಕೊಯ್ಲಿಗೆ ಬರುವುದು ಸೆಪ್ಟೆಂಬರ್‌ನಲ್ಲಿ, ಹಿಂಗಾರಿಗೆ ಹೊಲ ಹದ ಮಾಡಲು ಸಮಯ ಸಿಗುವುದಿಲ್ಲ. ಹೊಲ ಹಾಗೇ ಬಿಟ್ಟು, ಹರಗಿ, ಕಡಲೆಗೆ ಕಾಯುತ್ತೇನೆ.

ರಾಶಿಯ ದಿನ

ಕಾಳು ಕಣಕ್ಕೆ ಬಂದು ರಾಶಿಯಾದ ದಿನ ಅದೇ ಪಾವು ಬೇಕು. ಅಳೆಯುವಾಗ ನಮ್ಮ ಕಡೆ ಮೊದಲನೆಯದಕ್ಕೆ "ಒಂದು" ಎನ್ನುವುದಿಲ್ಲ, "ಲಾಭ" ಎನ್ನುತ್ತಾರೆ. ಆ ಲಾಭದ ಪಾವನ್ನು ಮಾರುವುದಿಲ್ಲ. ಎರಡು ಬಿಸಿಲು ಜಾಸ್ತಿ ಒಣಗಿಸಿ, ಅಂಗೈಗೆ ನಾಲ್ಕು ಹನಿ ಎಣ್ಣೆ ಸವರಿಕೊಂಡು ಕಾಳಿಗೆ ಹಚ್ಚಿ, ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿ ಇಡುತ್ತೇವೆ, ಇಲ್ಲದಿದ್ದರೆ ನುಸಿ ಬಿಡುವುದಿಲ್ಲ. ಡಬ್ಬಿಯ ಮೇಲೆ ದೊಡ್ಡವ್ವ ಕುಂಕುಮದ ಬೊಟ್ಟು ಇಡುತ್ತಾಳೆ, ಯಾರೂ ಮರೆತು ಅಡುಗೆಗೆ ತೆಗೆಯದಿರಲಿ ಎಂದು. ಮುಂದಿನ ವರ್ಷ ಉಡಿಗೆ ಹಾಕುವುದು ಅದನ್ನೇ.